ಮೊದಲ ಸಲ ಕ್ರಿಯೇಟಿನ್ ಕೊಳ್ಳುತ್ತಿದ್ದೇನೆ, ಅಂಗಡಿಯಲ್ಲಿ ಏನೇನು ಕೇಳಬೇಕು?

ದಾವಣಗೆರೆ_ಹುಡುಗ

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ, ತೂಕ 68 ಕೆಜಿ, ಇಡೀ ದಿನ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಜಿಮ್ ಸೇರಿ ಐದು ತಿಂಗಳಾಯಿತು. ಮೊದಲ ಮೂರು ತಿಂಗಳು ಎತ್ತುವ ಭಾರ ಏರುತ್ತಾ ಹೋಯಿತು, ಆಮೇಲೆ ನಿಂತಲ್ಲೇ ನಿಂತಿದೆ. ಸ್ಕ್ವಾಟ್ 70 ಕೆಜಿ ಎಂಟು ಸಲ ಆಗುತ್ತದೆ, ಒಂಬತ್ತನೆಯದಕ್ಕೆ ಮೇಲೇಳಲು ಆಗುವುದಿಲ್ಲ.

ಟ್ರೈನರ್ ಕ್ರಿಯೇಟಿನ್ ತಗೋ, ಭಾರ ಎತ್ತಲು ಶಕ್ತಿ ಕೊಡುವ ಪುಡಿ ಅಂದರು. ಅವರ ಹತ್ತಿರವೇ ಒಂದು ಡಬ್ಬಿ ಇತ್ತು. ಆದರೆ ಬ್ಯಾಚ್ ನಂಬರ್ ಇರಬೇಕಾದ ಜಾಗ ಉಜ್ಜಿದ ಹಾಗಿತ್ತು, ನನಗೆ ಮನಸ್ಸು ಒಪ್ಪಲಿಲ್ಲ. ನಾಳೆ ಮೆಡಿಕಲ್ ಶಾಪಿನಲ್ಲೇ ತಗೊಳ್ಳೋಣ ಅಂದುಕೊಂಡಿದ್ದೇನೆ. ಯಾವ ಕಂಪನಿಯದು ಒಳ್ಳೆಯದು, ಎಷ್ಟು ತಗೊಳ್ಳಬೇಕು? ಇನ್ನೊಂದು ವಿಷಯ, ನಾವು ಮನೆಯಲ್ಲಿ ಮಾಂಸ ತಿನ್ನುವುದಿಲ್ಲ. ಅದು ಮಾಂಸದಿಂದ ತೆಗೆದದ್ದು ಅಂತ ಅಮ್ಮ ಬೇಡ ಅನ್ನುತ್ತಿದ್ದಾರೆ. ನಿಜವಾ?

ಜಿಮ್_ಮಂಜ

ಬ್ರೋ, ಕ್ರಿಯೇಟಿನ್‌ನಲ್ಲಿ ಮೊನೊಹೈಡ್ರೇಟ್ ಬಗೆಯದ್ದು ತಗೋ, ಬೇರೆ ಏನೂ ನೋಡಬೇಡ. ಮೊದಲ ವಾರ ಲೋಡಿಂಗ್ ಮಾಡಲೇಬೇಕು, ದಿನಕ್ಕೆ 20 ಗ್ರಾಂ, ನಾಲ್ಕು ಸಲ ಐದೈದು ಗ್ರಾಂ. ಇಲ್ಲದಿದ್ದರೆ ಹತ್ತುವುದೇ ಇಲ್ಲ. ದಿನಕ್ಕೆ ಐದು ಲೀಟರ್ ನೀರು. ಎರಡು ತಿಂಗಳು ತಗೊಂಡು ಒಂದು ತಿಂಗಳು ಬಿಡಬೇಕು. ನಾನು ಮೂರು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ.

ಮೆಡಿಕಲ್_ಶಿವಲೀಲಾ

ದಾವಣಗೆರೆಯ ತಮ್ಮಾ, ನಾನು ಹುಬ್ಬಳ್ಳಿಯಲ್ಲಿ ಫಾರ್ಮಸಿಸ್ಟ್, ಕೌಂಟರ್ ಹಿಂದೆ ನಿಂತು 19 ವರ್ಷ ಆಯಿತು. ಯಾವ ಕಂಪನಿ ಅನ್ನುವುದು ನಿಮ್ಮ ಮೊದಲ ಪ್ರಶ್ನೆ. ನನ್ನ ಅಂಗಡಿಗೆ ಬಂದಿದ್ದರೆ ನಾನು ಅದಕ್ಕೆ ಕೊನೆಯಲ್ಲಿ ಉತ್ತರ ಕೊಡುತ್ತಿದ್ದೆ. ಮೊದಲು ನಾನೇ ನಿಮ್ಮನ್ನು ಕೇಳುತ್ತೇನೆ.

ಮೂತ್ರಪಿಂಡದ ತೊಂದರೆ ನಿಮಗಾಗಲಿ ಅಪ್ಪ ಅಮ್ಮನಿಗಾಗಲಿ ಇದೆಯಾ? ಬಿಪಿ, ಶುಗರ್? ಕಳೆದ ಒಂದು ತಿಂಗಳಲ್ಲಿ ಯಾವ ಯಾವ ಮಾತ್ರೆ ನುಂಗಿದ್ದೀರಿ? ತಲೆನೋವಿಗೆ ನುಂಗಿದ್ದನ್ನೂ ಸೇರಿಸಿ ಹೇಳಿ. ಕೊನೆಯ ಸಲ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ, ಅದರಲ್ಲಿ ಕ್ರಿಯೇಟಿನಿನ್ ಎಷ್ಟಿತ್ತು?

ಅಮ್ಮನ ಮಾತಿನ ಬಗ್ಗೆ: ಕ್ರಿಯೇಟಿನ್ ಮಾಂಸದಲ್ಲಿ, ಮೀನಿನಲ್ಲಿ ಇರುವುದು ನಿಜ. 1832ರಲ್ಲಿ ಶೆವ್ರೋಲ್ ಎಂಬ ಫ್ರೆಂಚ್ ವಿಜ್ಞಾನಿ ಅದನ್ನು ಮೊದಲು ಕಂಡುಹಿಡಿದದ್ದೂ ಮಾಂಸದಲ್ಲೇ. ಆದರೆ ಈಗ ಡಬ್ಬಿಯಲ್ಲಿ ಬರುವ ಪುಡಿಯನ್ನು ಕಾರ್ಖಾನೆಯಲ್ಲಿ ಸಾರ್ಕೊಸಿನ್ ಮತ್ತು ಸಯನಮೈಡ್ ಅನ್ನುವ ಎರಡು ರಾಸಾಯನಿಕ ಸೇರಿಸಿ ತಯಾರಿಸುತ್ತಾರೆ. ಅದರಲ್ಲಿ ಪ್ರಾಣಿಯ ಅಂಶ ಇರುವುದಿಲ್ಲ. ಎಚ್ಚರ ಬೇಕಿರುವುದು ಕ್ಯಾಪ್ಸೂಲ್ ವಿಷಯದಲ್ಲಿ. ಒಳಗಿನ ಪುಡಿ ಅದೇ ಆಗಿದ್ದರೂ ಹೊರಗಿನ ಕವಚ ಜೆಲಾಟಿನ್‌ನದ್ದಾಗಿರಬಹುದು, ಅದು ಪ್ರಾಣಿಜನ್ಯ. ಪುಡಿಯನ್ನೇ ತಗೊಂಡು ಹಸಿರು ಚುಕ್ಕೆ ತೋರಿಸಿದರೆ ಅಮ್ಮನಿಗೂ ಸಮಾಧಾನ.

ದಾವಣಗೆರೆ_ಹುಡುಗ

ಧನ್ಯವಾದ ಮೇಡಂ. ಅಪ್ಪನಿಗೆ ಬಿಪಿ ಇದೆ, ಮಾತ್ರೆ ತಗೊಳ್ಳುತ್ತಾರೆ. ನನಗೆ ಏನೂ ಇಲ್ಲ, ಅಂದರೆ ನನಗೆ ಗೊತ್ತಿರುವ ಹಾಗೆ ಇಲ್ಲ. ರಕ್ತ ಪರೀಕ್ಷೆ ಮಾಡಿಸಿದ್ದು ಕಾಲೇಜಿನಲ್ಲಿ ಡೆಂಗ್ಯೂ ಬಂದಾಗ. ಕ್ರಿಯೇಟಿನಿನ್ ಎಷ್ಟಿತ್ತೋ ನೆನಪಿಲ್ಲ.

ಮಾತ್ರೆ ಅಂದರೆ, ಸ್ಕ್ವಾಟ್ ಮಾಡಿದ ದಿನ ಮೊಣಕಾಲು ನೋಯುತ್ತದೆ. ಆಗ ಅಸಿಕ್ಲೋಫೆನಾಕ್ ಒಂದು ನುಂಗುತ್ತೇನೆ, ವಾರಕ್ಕೆ ಮೂರೋ ನಾಲ್ಕೋ. ಎರಡು ತಿಂಗಳಿಂದ ನಡೆದಿದೆ. ಅದು ಬರೀ ನೋವಿನ ಮಾತ್ರೆ, ಅದಕ್ಕೂ ಇದಕ್ಕೂ ಏನು ಸಂಬಂಧ?

ಸುಮತಿ_ತೀರ್ಥಹಳ್ಳಿ

ಇದನ್ನು ಓದಿ ನನಗೆ ಹೊಟ್ಟೆಯೊಳಗೆ ಸಂಕಟ ಆಯಿತು. ನಮ್ಮಪ್ಪನಿಗೆ ಕ್ರಿಯೇಟಿನಿನ್ 7 ದಾಟಿ ಡಯಾಲಿಸಿಸ್ ಶುರುವಾಗಿ ಎರಡು ವರ್ಷ ಆಯಿತು. ವಾರಕ್ಕೆ ಎರಡು ಸಲ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತೇವೆ. ಅದನ್ನು ಇಳಿಸಲು ನಾವು ಇಷ್ಟು ಕಷ್ಟಪಡುತ್ತಿರುವಾಗ ನೀವು ದುಡ್ಡು ಕೊಟ್ಟು ಅದನ್ನೇ ಡಬ್ಬಿಯಲ್ಲಿ ಕೊಂಡು ತಿನ್ನುತ್ತೀರಾ? ದಯವಿಟ್ಟು ಬೇಡಪ್ಪಾ. ಅಮ್ಮನ ಮಾತು ಕೇಳು.

ಮೆಡಿಕಲ್_ಶಿವಲೀಲಾ

ಸುಮತಿ ಅಕ್ಕಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಅಂಗಡಿಗೆ ಬರುವ ಬಹಳ ಜನರಿಗೆ ಹೀಗೇ ಆಗುತ್ತದೆ. ಎರಡೂ ಬೇರೆ ಬೇರೆ, ಆದರೆ ನಂಟಿದೆ.

ಕ್ರಿಯೇಟಿನ್ ನಮ್ಮ ಮೈಯಲ್ಲೇ ತಯಾರಾಗುತ್ತದೆ, ದಿನಕ್ಕೆ ಸುಮಾರು ಒಂದು ಗ್ರಾಂ. ಹೆಚ್ಚಿನ ಪಾಲು ಮಾಂಸಖಂಡದಲ್ಲಿ ಕೂತಿರುತ್ತದೆ. ಭಾರ ಎತ್ತುವಾಗ, ಬಸ್ಸಿನ ಹಿಂದೆ ಓಡುವಾಗ, ಆ ಹತ್ತಿಪ್ಪತ್ತು ಸೆಕೆಂಡಿನ ಜೋರು ಕೆಲಸಕ್ಕೆ ಶಕ್ತಿ ತುಂಬಿಕೊಡುವುದು ಅದರ ಕೆಲಸ. ದಿನವೂ ಅದರಲ್ಲಿ ಸ್ವಲ್ಪ ಭಾಗ ತಾನಾಗಿಯೇ ಕ್ರಿಯೇಟಿನಿನ್ ಆಗುತ್ತದೆ. ಒಲೆಯಲ್ಲಿ ಸೌದೆ ಉರಿದ ಮೇಲೆ ಬೂದಿ ಉಳಿದ ಹಾಗೆ. ಬೂದಿಯನ್ನು ಹೊರಗೆ ಹಾಕುವುದು ಮೂತ್ರಪಿಂಡ. ನಿಮ್ಮ ತಂದೆಯವರಲ್ಲಿ ಹೊರಗೆ ಹಾಕುವ ಕೆಲಸವೇ ನಿಂತಿದೆ, ಅದಕ್ಕೆ ಬೂದಿ ಗುಡ್ಡೆಯಾಗಿ 7 ದಾಟಿದೆ. ಬೂದಿಯಿಂದ ಮೂತ್ರಪಿಂಡ ಕೆಟ್ಟದ್ದಲ್ಲ, ಮೂತ್ರಪಿಂಡ ಕೆಟ್ಟದ್ದನ್ನು ಬೂದಿ ತೋರಿಸುತ್ತಿದೆ.

ಆದರೆ ನೀವು ಹೇಳಿದ್ದರಲ್ಲಿ ಒಂದು ಮಾತು ಪೂರ್ತಿ ಸರಿ. ಮೂತ್ರಪಿಂಡದ ಕಾಯಿಲೆ ಇರುವವರು, ಒಂದೇ ಮೂತ್ರಪಿಂಡ ಇರುವವರು ಇದನ್ನು ತಮ್ಮ ಡಾಕ್ಟರ್ ಒಪ್ಪದೆ ಮುಟ್ಟಬಾರದು. ಕಾಯಿಲೆ ಇದೆ ಅಂತ ಹೇಳಿ ಕೇಳಿದವರಿಗೆ ನಾನು ಡಬ್ಬಿ ಕೊಡದೆ ಕಳಿಸಿದ್ದೇನೆ.

ತಮ್ಮಾ, ಇನ್ನು ನಿನ್ನ ಅಸಿಕ್ಲೋಫೆನಾಕ್. ಇಲ್ಲಿ ನನಗೆ ಭಯ ಇರುವುದು ಕ್ರಿಯೇಟಿನ್‌ದಲ್ಲ, ಅದರದ್ದು. ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಎಲ್ಲ ಒಂದೇ ಜಾತಿಯವು. ಇವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಎಂದೋ ಒಂದು ದಿನ ನುಂಗಿದರೆ ಆರೋಗ್ಯವಂತ ದೇಹ ತಡೆದುಕೊಳ್ಳುತ್ತದೆ. ನೀನು ಬೆವರು ಸುರಿಸಿ, ನೀರು ಸಾಲದೆ ಮೈ ಬತ್ತಿರುವ ಹೊತ್ತಿಗೇ ನುಂಗುತ್ತಿದ್ದೀಯ, ಅದೂ ವಾರಕ್ಕೆ ನಾಲ್ಕು. ಮೊದಲು ಅದನ್ನು ನಿಲ್ಲಿಸು. ಮೊಣಕಾಲನ್ನು ಮೂಳೆ ಡಾಕ್ಟರಿಗೆ ತೋರಿಸು. ನೋವು ಮುಚ್ಚಿಕೊಂಡು ಇನ್ನೊಂದು ಸ್ಕ್ವಾಟ್ ಮಾಡಲು ಪುಡಿ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಜಿಮ್_ಮಂಜ

ಮೇಡಂ, ಕಿಡ್ನಿ ಕೆಡುತ್ತದೆ ಅನ್ನುವುದೆಲ್ಲ ಹಳೇ ಕಥೆ. ಆರೋಗ್ಯವಂತರಿಗೆ ಏನೂ ಆಗುವುದಿಲ್ಲ ಅಂತ ಎಷ್ಟೋ ವರ್ಷದ ಸಂಶೋಧನೆ ಇದೆ. ಸುಮ್ಮನೆ ಹೆದರಿಸಬೇಡಿ. ರಕ್ತ ಪರೀಕ್ಷೆ ಎಲ್ಲ ಯಾಕೆ?

ಮೆಡಿಕಲ್_ಶಿವಲೀಲಾ

ಮಂಜಣ್ಣ, ಆರೋಗ್ಯವಂತರಲ್ಲಿ ಹೇಳಿದ ಪ್ರಮಾಣದಲ್ಲಿ ತಗೊಂಡರೆ ಮೂತ್ರಪಿಂಡ ಕೆಡುತ್ತದೆ ಅಂತ ತೋರಿಸುವ ಆಧಾರ ಇಲ್ಲ ಅನ್ನುವುದು ಸರಿ. ನಾನೂ ಅದನ್ನೇ ಹೇಳುತ್ತೇನೆ. ಆದರೆ ತಾನು ಆರೋಗ್ಯವಂತ ಅಂತ ಈ ಹುಡುಗನಿಗೆ ಹೇಗೆ ಗೊತ್ತು? ಅವನೇ ಬರೆದಿದ್ದಾನೆ, "ನನಗೆ ಗೊತ್ತಿರುವ ಹಾಗೆ ಇಲ್ಲ". ಮೂತ್ರಪಿಂಡ ಅರ್ಧ ಕೆಟ್ಟರೂ ನೋವು ಇರುವುದಿಲ್ಲ, ಊತ ಇರುವುದಿಲ್ಲ.

ಪರೀಕ್ಷೆಗೆ ಇನ್ನೊಂದು ಕಾರಣವೂ ಇದೆ. ಅದನ್ನು ನಮ್ಮ ಅಂಗಡಿಗೆ ಬರುವ ಇಬ್ಬರ ವಿಷಯ ಹೇಳಿದರೆ ತಿಳಿಯುತ್ತದೆ.

ಮೊದಲನೆಯವನಿಗೆ 27 ವರ್ಷ, ನಮ್ಮ ಈ ತಮ್ಮನ ವಯಸ್ಸೇ. ಕಂಪನಿಯಲ್ಲಿ ವರ್ಷಕ್ಕೊಮ್ಮೆ ಮಾಡುವ ತಪಾಸಣೆಯಲ್ಲಿ ಕ್ರಿಯೇಟಿನಿನ್ 1.3 ಬಂತು, ಕೆಳಗೆ ಇಜಿಎಫ್‌ಆರ್ 77 ಅಂತ ಮುದ್ರಿಸಿತ್ತು, ಅಂದರೆ ಮೂತ್ರಪಿಂಡ ರಕ್ತವನ್ನು ಎಷ್ಟು ಸೋಸುತ್ತದೆ ಅನ್ನುವ ಅಂದಾಜು. ಹಿಂದಿನ ವರ್ಷ 1.0 ಇತ್ತು, ಇಜಿಎಫ್‌ಆರ್ 106. ಒಂದು ವರ್ಷದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮೂತ್ರಪಿಂಡ ಹೋಯಿತು ಅಂತ ಅವನ ಮನೆಯಲ್ಲಿ ಯಾರೂ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕ್ರಿಯೇಟಿನ್ ತಗೊಳ್ಳುವುದನ್ನು ಡಾಕ್ಟರಿಗೆ ಹೇಳಿಯೇ ಇರಲಿಲ್ಲ, ಅದು ಔಷಧಿ ಅಲ್ಲವಲ್ಲ ಅಂತ. ನಾನು ಕೇಳಿದಾಗ ಹೊರಬಂತು. ಡಾಕ್ಟರ್ ಬಳಿ ವಾಪಸ್ ಕಳಿಸಿದೆ. ಅವರು ಪುಡಿ ನಿಲ್ಲಿಸಿ, ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ಸೋರುತ್ತಿದೆಯಾ ನೋಡಿ, ಪುಡಿಯಿಂದ ಏರದ ಸಿಸ್ಟಾಟಿನ್ ಸಿ ಅನ್ನುವ ಇನ್ನೊಂದು ರಕ್ತ ಪರೀಕ್ಷೆ ಮಾಡಿಸಿದರು. ಎರಡೂ ಸರಿ ಇದ್ದವು. ಆರು ವಾರದ ನಂತರ ಕ್ರಿಯೇಟಿನಿನ್ ಮತ್ತೆ 1.0. ಸೌದೆ ಹೆಚ್ಚು ಹಾಕಿದ್ದಕ್ಕೆ ಬೂದಿ ಹೆಚ್ಚು ಬಂದಿತ್ತು, ಅಷ್ಟೆ. ಯಂತ್ರ ಅದನ್ನೇ ಮೂತ್ರಪಿಂಡದ ದೋಷ ಅಂತ ಲೆಕ್ಕ ಹಾಕಿತ್ತು.

ಎರಡನೆಯವರಿಗೆ ನಲವತ್ತು ದಾಟಿತ್ತು. ಅವರಿಗೂ ಕ್ರಿಯೇಟಿನಿನ್ ಹೆಚ್ಚು ಬಂತು. ಅಷ್ಟು ಹೊತ್ತಿಗೆ ಮೊಬೈಲಿನಲ್ಲಿ ವಿಡಿಯೋ ನೋಡಿ "ಇದು ಕ್ರಿಯೇಟಿನ್‌ನಿಂದ ಬಂದದ್ದು" ಅಂತ ತಾವೇ ತೀರ್ಮಾನ ಮಾಡಿ ಏಳು ತಿಂಗಳು ಸುಮ್ಮನಿದ್ದರು. ಕೊನೆಗೆ ನೋಡಿದರೆ ಮೂತ್ರದಲ್ಲಿ ಅಲ್ಬುಮಿನ್ ಸೋರುತ್ತಿತ್ತು, ಬಿಪಿ ಎಷ್ಟೋ ಕಾಲದಿಂದ ಏರಿತ್ತು. ಅವರ ಬಳಿ ಹಳೆಯ ರಿಪೋರ್ಟ್ ಒಂದೂ ಇರಲಿಲ್ಲ. ಪುಡಿ ಶುರು ಮಾಡುವ ಮೊದಲು ಎಷ್ಟಿತ್ತು ಅಂತ ಗೊತ್ತಿದ್ದಿದ್ದರೆ ಏಳು ತಿಂಗಳು ಉಳಿಯುತ್ತಿತ್ತು.

ಅದಕ್ಕೇ ಹೇಳುವುದು, ಮೊದಲ ಚಮಚಕ್ಕೆ ಮುಂಚೆ ಒಂದು ರಿಪೋರ್ಟ್ ಕೈಯಲ್ಲಿರಲಿ. ಆಮೇಲೆ ಮಾಡಿಸಿದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಲ್ಯಾಬ್_ರಾಘು

ನಾನು ಮೈಸೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ. ರಕ್ತ ಕೊಡುವ ಹಿಂದಿನ ದಿನ, ಸಾಧ್ಯವಾದರೆ ಎರಡು ದಿನ, ಜಿಮ್ ಬೇಡ. ಜೋರಾಗಿ ವ್ಯಾಯಾಮ ಮಾಡಿದ ಮಾರನೆ ದಿನ ಕ್ರಿಯೇಟಿನಿನ್ ಸ್ವಲ್ಪ ಏರುತ್ತದೆ. ಹಿಂದಿನ ರಾತ್ರಿ ಬಾಡೂಟ ಮಾಡಿದ್ದರೂ ಏರುತ್ತದೆ, ಬೇಯಿಸಿದ ಮಾಂಸದಲ್ಲೇ ಅದು ಇರುತ್ತದೆ. ಎಲ್ಲರಂತೆ ನೀರು ಕುಡಿದು ಬನ್ನಿ. ಮುಂದಿನ ಸಲವೂ ಅದೇ ಲ್ಯಾಬಿಗೇ ಹೋಗಿ. ಲ್ಯಾಬಿನಿಂದ ಲ್ಯಾಬಿಗೆ 0.1 ವ್ಯತ್ಯಾಸ ಬರುವುದು ಮಾಮೂಲು, ಅದನ್ನು ಪುಡಿಯ ತಲೆಗೆ ಕಟ್ಟಬಾರದು.

ಸಿಸ್ಟಾಟಿನ್ ಸಿ ಎಲ್ಲ ಊರಿನಲ್ಲೂ ಆಗುವುದಿಲ್ಲ, ಹೊರಗೆ ಕಳಿಸುತ್ತಾರೆ, ಬೆಲೆಯೂ ಹೆಚ್ಚು. ಅದೂ ಪೂರ್ತಿ ನಿರ್ದೋಷಿ ಅಲ್ಲ, ಥೈರಾಯ್ಡ್ ತೊಂದರೆ ಇದ್ದರೆ, ಸ್ಟಿರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಅದರ ಅಂಕಿಯೂ ಬದಲಾಗುತ್ತದೆ. ಎಲ್ಲರೂ ಮೊದಲೇ ಮಾಡಿಸಬೇಕಿಲ್ಲ. ಕ್ರಿಯೇಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಸಾಕು.

ದಾವಣಗೆರೆ_ಹುಡುಗ

ಒಂದು ಡಬ್ಬಿ ಕೊಳ್ಳಲು ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ ಮೇಡಂ. ಅಸಿಕ್ಲೋಫೆನಾಕ್ ಇವತ್ತಿನಿಂದಲೇ ನಿಲ್ಲಿಸಿದ್ದೇನೆ. ರಕ್ತ ಪರೀಕ್ಷೆ ಯಾವಾಗ ಮಾಡಿಸಲಿ, ನಾಳೆಯೇ?

ಮತ್ತೆ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಇನ್ನೂ ಉಳಿದಿದೆ. ನಿನ್ನೆ ಸುಮ್ಮನೆ ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ಮೂರು ಡಬ್ಬಿ ತೋರಿಸಿದರು. ಒಂದು ಬರೀ ಮೊನೊಹೈಡ್ರೇಟ್, 250 ಗ್ರಾಂ, 800 ರೂಪಾಯಿ. ಇನ್ನೊಂದು ಕಲ್ಲಂಗಡಿ ಫ್ಲೇವರ್, ಅದೂ 250 ಗ್ರಾಂ, 950 ರೂಪಾಯಿ. ಎರಡನೆಯದರ ಮೇಲೆ "ಅಡ್ವಾನ್ಸ್ಡ್" ಅಂತ ದೊಡ್ಡದಾಗಿ ಬರೆದಿದೆ. ಮೂರನೆಯದು ಹೈಡ್ರೋಕ್ಲೋರೈಡ್, ಇನ್ನೂ ದುಬಾರಿ, ಕಡಿಮೆ ತಗೊಂಡರೆ ಸಾಕು ಅಂದರು. ಮೊದಲೆರಡರ ಹಿಂಭಾಗದ ಫೋಟೋ ತೆಗೆದುಕೊಂಡಿದ್ದೇನೆ. ಮೊದಲನೆಯದರಲ್ಲಿ ಒಂದು ಸರ್ವಿಂಗ್ 3 ಗ್ರಾಂ, ಕ್ರಿಯೇಟಿನ್ ಮೊನೊಹೈಡ್ರೇಟ್ 3 ಗ್ರಾಂ. ಎರಡನೆಯದರಲ್ಲಿ ಒಂದು ಸರ್ವಿಂಗ್ 8 ಗ್ರಾಂ, ಕ್ರಿಯೇಟಿನ್ ಮೊನೊಹೈಡ್ರೇಟ್ 3 ಗ್ರಾಂ.

ಮೆಡಿಕಲ್_ಶಿವಲೀಲಾ

ಫೋಟೋ ತೆಗೆದದ್ದು ಒಳ್ಳೆಯದಾಯಿತು, ಅರ್ಧ ಉತ್ತರ ಅದರಲ್ಲೇ ಇದೆ.

ಮೊದಲನೆಯ ಡಬ್ಬಿಯಲ್ಲಿ 250 ಗ್ರಾಂಗೆ 250 ಗ್ರಾಂ ಮೊನೊಹೈಡ್ರೇಟ್. ದಿನಕ್ಕೆ 3 ಗ್ರಾಂ ಅಂದರೆ 83 ದಿನ ಬರುತ್ತದೆ, ದಿನಕ್ಕೆ ಹತ್ತು ರೂಪಾಯಿಗೂ ಕಡಿಮೆ. ಎರಡನೆಯದರಲ್ಲಿ 8 ಗ್ರಾಂ ಪುಡಿಯಲ್ಲಿ 5 ಗ್ರಾಂ ಸಕ್ಕರೆಯೋ ಬಣ್ಣವೋ ಹುಳಿಯೋ ಇನ್ನೇನೋ. ಇಡೀ ಡಬ್ಬಿ 31 ದಿನಕ್ಕೆ ಮುಗಿಯುತ್ತದೆ, ದಿನಕ್ಕೆ ಮೂವತ್ತು ರೂಪಾಯಿ. ಸಿಗುವ ಕ್ರಿಯೇಟಿನ್ ಅಷ್ಟೇ. ಆದ್ದರಿಂದ ಅಂಗಡಿಯವರನ್ನು "ಇದರ ಬೆಲೆ ಎಷ್ಟು" ಅಂತ ಕೇಳಬೇಡ, "ಒಂದು ಸರ್ವಿಂಗ್‌ನಲ್ಲಿ ಮೊನೊಹೈಡ್ರೇಟ್ ಎಷ್ಟು ಗ್ರಾಂ, ಉಳಿದದ್ದು ಏನು" ಅಂತ ಕೇಳು. "ಬ್ಲೆಂಡ್" ಅಂತ ಒಟ್ಟಾಗಿ ಒಂದೇ ಅಂಕಿ ಬರೆದು ಒಳಗಿನದ್ದನ್ನು ಬಿಡಿಸಿ ಹೇಳದ ಡಬ್ಬಿಯನ್ನು ಅಲ್ಲೇ ಇಟ್ಟು ಬಾ. ಅಂಥವುಗಳಲ್ಲಿ ಕೆಫೀನ್ ಸೇರಿಸಿರುವುದೂ ಉಂಟು.

ಹೈಡ್ರೋಕ್ಲೋರೈಡ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಅದು ನಿಜ. ಆದರೆ ಮಾಂಸಖಂಡದಲ್ಲಿ ಅದು ಹೆಚ್ಚು ಕೆಲಸ ಮಾಡುತ್ತದೆ ಅಂತ ತೋರಿಸಿದ್ದಿಲ್ಲ. ಈಥೈಲ್ ಎಸ್ಟರ್ ಅಂತ ಇನ್ನೊಂದು ಬರುತ್ತದೆ, ಅದಂತೂ ಮೈಯೊಳಗೆ ಹೋದ ಮೇಲೆ ಬಹುಪಾಲು ಕ್ರಿಯೇಟಿನಿನ್ ಆಗಿಬಿಡುತ್ತದೆ. ಮೊನೊಹೈಡ್ರೇಟೇ ಸಾಕು ಅನ್ನುವ ಮಂಜಣ್ಣನ ಮಾತಿಗೆ ನನ್ನದೂ ಒಪ್ಪಿಗೆ.

ಲೋಡಿಂಗ್ ಮಾತ್ರ ಮಾಡಲೇಬೇಕು ಅನ್ನುವುದು ಸರಿಯಲ್ಲ. ದಿನಕ್ಕೆ 20 ಗ್ರಾಂ ತಗೊಂಡರೆ ಒಂದು ವಾರದಲ್ಲಿ ಮಾಂಸಖಂಡ ತುಂಬುತ್ತದೆ. ದಿನಕ್ಕೆ 3 ಗ್ರಾಂ ತಗೊಂಡರೆ ಸುಮಾರು ನಾಲ್ಕು ವಾರಕ್ಕೆ ಅಷ್ಟೇ ತುಂಬುತ್ತದೆ, ಇದನ್ನು 1996ರಲ್ಲೇ ಅಳೆದು ನೋಡಿದ್ದಾರೆ. ತಲುಪುವ ಜಾಗ ಒಂದೇ. ನಿನಗೆ ಮುಂದಿನ ವಾರ ಸ್ಪರ್ಧೆ ಏನೂ ಇಲ್ಲವಲ್ಲ. 20 ಗ್ರಾಂ ಸುರಿದುಕೊಂಡ ಹುಡುಗರು ಭೇದಿ ಅಂತ ನನ್ನ ಬಳಿಯೇ ಓಆರ್‌ಎಸ್ ಕೇಳಿಕೊಂಡು ಬರುತ್ತಾರೆ. ಎರಡು ತಿಂಗಳು ತಗೊಂಡು ಒಂದು ತಿಂಗಳು ಬಿಡಬೇಕು ಅನ್ನುವುದಕ್ಕೂ ಆಧಾರ ಕಂಡಿಲ್ಲ. ನೀರು ಬಾಯಾರಿಕೆ ತಕ್ಕಷ್ಟು, ಬೆವರಿಗೆ ತಕ್ಕಷ್ಟು. ಐದು ಲೀಟರ್ ಲೆಕ್ಕ ಹಿಡಿದು ಕುಡಿಯಬೇಕಿಲ್ಲ.

ರಕ್ತ ಪರೀಕ್ಷೆ ನಾಳೆಯೇ ಬೇಡ. ಅಸಿಕ್ಲೋಫೆನಾಕ್ ಬಿಟ್ಟು ಎರಡು ವಾರ ಆಗಲಿ, ಆಗ ಬರುವ ಅಂಕಿ ನಿನ್ನದು.

ಜಿಮ್_ಮಂಜ

ಲೋಡಿಂಗ್ ವಿಷಯ ಒಪ್ಪಿದೆ ಮೇಡಂ. ನನಗೂ ಮೊದಲ ವಾರ ಹೊಟ್ಟೆ ಕೆಟ್ಟಿತ್ತು, ಹಾಗೇ ಆಗಬೇಕು ಅಂದುಕೊಂಡಿದ್ದೆ. ನಾನು ರಕ್ತ ಪರೀಕ್ಷೆ ಒಂದು ಸಲವೂ ಮಾಡಿಸಿಲ್ಲ. ಮೂರು ವರ್ಷ ಆದ ಮೇಲೆ ಈಗ ಮಾಡಿಸಿದರೆ ಏನಾದರೂ ಉಪಯೋಗ ಇದೆಯಾ?

ಇನ್ನೊಂದು, ಒರಿಜಿನಲ್ ಹೌದೋ ಅಲ್ಲವೋ ಅಂತ ನೋಡಲು ನೀರಿಗೆ ಹಾಕಿ ನೋಡಬೇಕು. ಒರಿಜಿನಲ್ ಆದರೆ ಪೂರ್ತಿ ಕರಗುತ್ತದೆ, ಡೂಪ್ಲಿಕೇಟ್ ಆದರೆ ತಳದಲ್ಲಿ ಮರಳಿನ ಹಾಗೆ ಕೂರುತ್ತದೆ. ನಮ್ಮ ಜಿಮ್‌ನಲ್ಲಿ ಎಲ್ಲರೂ ಹೀಗೇ ನೋಡುವುದು.

ಲ್ಯಾಬ್_ರಾಘು

ಮಂಜಣ್ಣ, ಆ ಪರೀಕ್ಷೆ ಉಲ್ಟಾ ಆಗುತ್ತದೆ. ಶುದ್ಧ ಮೊನೊಹೈಡ್ರೇಟ್ ತಣ್ಣೀರಿನಲ್ಲಿ ಚೆನ್ನಾಗಿ ಕರಗುವ ವಸ್ತುವೇ ಅಲ್ಲ. 20 ಡಿಗ್ರಿಯ ಒಂದು ಲೀಟರ್ ನೀರಿಗೆ ಸುಮಾರು 14 ಗ್ರಾಂ ಅಷ್ಟೇ. ಅಂದರೆ 3 ಗ್ರಾಂ ಕರಗಲು ಒಂದು ದೊಡ್ಡ ಲೋಟ ನೀರು ಬೇಕು. ಸಣ್ಣ ಲೋಟದಲ್ಲಿ 5 ಗ್ರಾಂ ಹಾಕಿದರೆ ಅಪ್ಪಟ ಪುಡಿಯೂ ತಳಕ್ಕೆ ಕೂರುತ್ತದೆ. ಸಕ್ಕರೆ ಪುಡಿ, ಗ್ಲೂಕೋಸ್ ಬೆರೆಸಿದರೆ ಚೆನ್ನಾಗಿ ಕರಗುತ್ತದೆ! ನಿಮ್ಮ ಜಿಮ್‌ನಲ್ಲಿ ಒಳ್ಳೆಯದನ್ನು ಎಸೆದು ಬೆರಕೆಯದನ್ನು ಇಟ್ಟುಕೊಂಡಿರಬಹುದು.

ರುಚಿ ನೋಡಿ. ಫ್ಲೇವರ್ ಇಲ್ಲದ ಮೊನೊಹೈಡ್ರೇಟ್‌ಗೆ ಹೆಚ್ಚು ಕಡಿಮೆ ರುಚಿಯೇ ಇಲ್ಲ. ಸಿಹಿ ಇದ್ದರೆ ಏನೋ ಸೇರಿದೆ. ಇಷ್ಟರಿಂದ ಬೆರಕೆ ಗೊತ್ತಾಗಬಹುದು, ಶುದ್ಧತೆ ಮಾತ್ರ ಮನೆಯಲ್ಲಿ ಗೊತ್ತಾಗುವುದಿಲ್ಲ. ಉಗುರು ಬೆಚ್ಚಗಿನ ನೀರಿನಲ್ಲಿ ಕಲಕಿದರೆ ಕರಗುವುದು ಸುಲಭ. ಕಲಕಿದ್ದನ್ನು ಆಗಲೇ ಕುಡಿಯಿರಿ. ನೀರಿನಲ್ಲಿ ದಿನಗಟ್ಟಲೆ ಇಟ್ಟರೆ ನಿಧಾನವಾಗಿ ಕ್ರಿಯೇಟಿನಿನ್ ಆಗುತ್ತದೆ, ನಿಂಬೆಹಣ್ಣು ಹಿಂಡಿದ್ದರೆ ಇನ್ನೂ ಬೇಗ.

ನಿಮ್ಮ ಮೊದಲ ಪ್ರಶ್ನೆಗೆ: ಈಗಲೂ ಮಾಡಿಸಿ. ಅಂಕಿ ಸರಿ ಇದ್ದರೆ ಅದೇ ನಿಮ್ಮ ಹೋಲಿಕೆಯ ರಿಪೋರ್ಟ್. ಹೆಚ್ಚಿದ್ದರೆ ನಾಲ್ಕರಿಂದ ಆರು ವಾರ ಬಿಟ್ಟು ಮತ್ತೊಮ್ಮೆ. ಎರಡು ದಿನ ಬಿಟ್ಟರೆ ಸಾಲದು, ಮಾಂಸಖಂಡದಲ್ಲಿ ತುಂಬಿದ್ದು ಇಳಿಯಲು ಅಷ್ಟು ಕಾಲ ಬೇಕು.

ಕಬಡ್ಡಿ_ಅಪ್ಪ

ನನ್ನ ಮಗನಿಗೆ 16 ವರ್ಷ, ಜಿಲ್ಲಾ ಮಟ್ಟದಲ್ಲಿ ಕಬಡ್ಡಿ ಆಡುತ್ತಾನೆ. ಅವನ ಜೊತೆಯ ಹುಡುಗರು ತಗೊಳ್ಳುತ್ತಾರಂತೆ, ಅವನಿಗೂ ಬೇಕಂತೆ. ಡೋಪಿಂಗ್‌ನಲ್ಲಿ ಸಿಕ್ಕಿಬೀಳುತ್ತಾನಾ? ಎತ್ತರ ಬೆಳೆಯುವುದು ನಿಲ್ಲುತ್ತದೆ ಅನ್ನುತ್ತಾರೆ.

ಮೆಡಿಕಲ್_ಶಿವಲೀಲಾ

ಅಣ್ಣಾ, ಕ್ರಿಯೇಟಿನ್ ನಿಷೇಧಿತ ಪಟ್ಟಿಯಲ್ಲಿ ಇಲ್ಲ. ಭಯ ಇರುವುದು ಡಬ್ಬಿಯಲ್ಲಿ ಹೆಸರಿಲ್ಲದೆ ಸೇರಿಕೊಂಡಿರುವ ಬೇರೆ ವಸ್ತುವಿನದ್ದು. ಪರೀಕ್ಷೆಯಲ್ಲಿ ಅದು ಸಿಕ್ಕಿದರೆ "ನನಗೆ ಗೊತ್ತಿರಲಿಲ್ಲ" ಅನ್ನುವ ಮಾತಿನಿಂದ ಆಟಗಾರ ಪಾರಾಗುವುದಿಲ್ಲ. ಆಟಗಾರರು ಕೊಳ್ಳುವುದಾದರೆ ಪ್ರತಿ ಬ್ಯಾಚನ್ನೂ ನಿಷೇಧಿತ ವಸ್ತುಗಳಿಗಾಗಿ ಪರೀಕ್ಷಿಸಿದ ಗುರುತು, ಇನ್ಫಾರ್ಮ್ಡ್ ಸ್ಪೋರ್ಟ್ ಥರದ್ದು, ಇರುವುದನ್ನೇ ಕೇಳಬೇಕು.

ಎತ್ತರ ನಿಲ್ಲುತ್ತದೆ ಅನ್ನುವುದಕ್ಕೆ ಆಧಾರ ನಾನು ಕಂಡಿಲ್ಲ. ಆದರೂ 18 ಆಗದ ಮಕ್ಕಳಿಗೆ ನಾನಾಗಿ ಕೊಡುವುದಿಲ್ಲ. ಮಗನನ್ನು ಮಕ್ಕಳ ಡಾಕ್ಟರಿಗೆ ತೋರಿಸಿ ಕೇಳಿ. ಅದಕ್ಕೂ ಮುಂಚೆ ಅವನು ಬೆಳಿಗ್ಗೆ ಅಭ್ಯಾಸಕ್ಕೆ ಹೋಗುವಾಗ ಏನು ತಿಂದು ಹೋಗುತ್ತಾನೆ ನೋಡಿ.

ಕಬಡ್ಡಿ_ಅಪ್ಪ

ಖಾಲಿ ಹೊಟ್ಟೆಯಲ್ಲಿ ಹೋಗುತ್ತಾನೆ ತಾಯಿ. ಅದು ನಮ್ಮ ತಪ್ಪೇ. ಆದರೆ ಅವನ ಕೋಚ್ ಒಪ್ಪುವುದಿಲ್ಲ, ಎಲ್ಲರೂ ತಗೊಳ್ಳುತ್ತಿರುವಾಗ ಇವನೊಬ್ಬ ಹಿಂದೆ ಬೀಳುತ್ತಾನೆ ಅನ್ನುತ್ತಾರೆ. ಏನು ಮಾಡಲಿ ತಿಳಿಯುತ್ತಿಲ್ಲ.

ದಾವಣಗೆರೆ_ಹುಡುಗ

ಮೇಡಂ, ಮೆಡಿಕಲ್ ಶಾಪಿನಲ್ಲಿ ಸಿಗುವುದಾದರೆ ಅದನ್ನು ಔಷಧಿಯ ಹಾಗೆ ಪರೀಕ್ಷೆ ಮಾಡಿಯೇ ಕೊಟ್ಟಿರುತ್ತಾರೆ ಅಂತ ನಾನು ನಂಬಿದ್ದೆ. ಅಂಗಡಿಯವರು ಎಫ್ಎಸ್ಎಸ್ಎಐ ನಂಬರ್ ಇದೆ, ಅಷ್ಟು ಸಾಕು ಅಂದರು. ಸಾಕಾ?

ಮೆಡಿಕಲ್_ಶಿವಲೀಲಾ

ಸಾಲದು. ನಮ್ಮ ಕಪಾಟಿನಲ್ಲಿ ಮಾತ್ರೆಗಳ ಪಕ್ಕದಲ್ಲೇ ಇಟ್ಟಿದ್ದರೂ ಕಾನೂನಿನ ಲೆಕ್ಕದಲ್ಲಿ ಅದು ಔಷಧಿ ಅಲ್ಲ, ಆಹಾರ. ಡಬ್ಬಿಯ ಮೇಲೆಯೇ ಔಷಧೀಯ ಬಳಕೆಗಲ್ಲ ಅಂತ ಬರೆದಿರಬೇಕು, ನೋಡು. ಎಫ್ಎಸ್ಎಸ್ಎಐದು 14 ಅಂಕಿಯ ನಂಬರ್. foscos.fssai.gov.in ನಲ್ಲಿ ಅದನ್ನು ಹಾಕಿದರೆ ಯಾರ ಹೆಸರಿನಲ್ಲಿದೆ, ಪರವಾನಗಿ ಜೀವಂತ ಇದೆಯಾ ಅಂತ ಕಾಣುತ್ತದೆ. ಡಬ್ಬಿಯ ಮೇಲಿನ ತಯಾರಕರ ಹೆಸರೂ ಅಲ್ಲಿನ ಹೆಸರೂ ಒಂದೇ ಆಗಿರಬೇಕು. ಹಾಗಿದ್ದರೂ ತಯಾರಕರಿಗೆ ಪರವಾನಗಿ ಇದೆ ಅಂತ ಗೊತ್ತಾಯಿತೇ ಹೊರತು, ನಿನ್ನ ಕೈಯಲ್ಲಿರುವ ಡಬ್ಬಿಯ ಪುಡಿಯನ್ನು ಯಾರಾದರೂ ಪರೀಕ್ಷಿಸಿದ್ದಾರೆ ಅಂತ ಅಲ್ಲ.

ಅದಕ್ಕೆ ಬೇರೆ ಪ್ರಶ್ನೆ ಕೇಳಬೇಕು. "ಈ ಬ್ಯಾಚಿನ ಲ್ಯಾಬ್ ರಿಪೋರ್ಟ್ ಇದೆಯಾ?" ಕೆಲವು ಕಂಪನಿಗಳು ಡಬ್ಬಿಯ ಮೇಲೆ ಸ್ಕ್ಯಾನ್ ಮಾಡುವ ಚೌಕ ಕೊಟ್ಟಿರುತ್ತವೆ. ತೆರೆದ ರಿಪೋರ್ಟಿನಲ್ಲಿ ಬ್ಯಾಚ್ ನಂಬರ್ ನಿನ್ನ ಡಬ್ಬಿಯದೇ ಇದೆಯಾ, ಬೇರೆ ಯಾವುದೋ ಹಳೆಯದ್ದಾ ನೋಡು. ಆಮೇಲೆ ಕ್ರಿಯೇಟಿನ್ ಶುದ್ಧತೆ, ಸೀಸದಂಥ ಭಾರ ಲೋಹಗಳು, ಡೈಸಯನ್‌ಡೈಅಮೈಡ್ ಅನ್ನುವ ಕಲ್ಮಶ. ತಯಾರಿಸುವಾಗ ಸಯನಮೈಡ್ ಬಳಸುವುದರಿಂದ ಅದು ಹುಟ್ಟುತ್ತದೆ, ಚೆನ್ನಾಗಿ ಶುದ್ಧ ಮಾಡಿದರೆ ಹೋಗುತ್ತದೆ. ಅದನ್ನು ಅಳೆದು ಬರೆದಿದ್ದಾರೆ ಅಂದರೆ ಆ ಕಂಪನಿಗೆ ಎಲ್ಲಿ ತಪ್ಪಾಗಬಹುದು ಅಂತ ಗೊತ್ತಿದೆ ಅಂತ ಅರ್ಥ.

ಕ್ರಿಯಾಪ್ಯೂರ್ ಅನ್ನುವ ಗುರುತು ಕೆಲವು ಡಬ್ಬಿಗಳ ಮೇಲಿರುತ್ತದೆ. ಅದು ಜರ್ಮನಿಯಲ್ಲಿ ಆಲ್ಜ್‌ಕೆಮ್ ತಯಾರಿಸುವ ಪುಡಿ. ಶುದ್ಧತೆಯ ಹೆಸರಿದೆ, ಬೆಲೆಯೂ ಹೆಚ್ಚು. ಅದೇ ಬೇಕು ಅಂತ ನಾನು ಹೇಳುವುದಿಲ್ಲ. ರಿಪೋರ್ಟ್ ತೋರಿಸುವ ನಮ್ಮ ದೇಶದ ಡಬ್ಬಿಯನ್ನೂ ನಾನು ಕೊಡುತ್ತೇನೆ.

ಇನ್ನು ಸಸ್ಯಾಹಾರಿ ಅಂದೆಯಲ್ಲ, ಅದರಿಂದ ನಿನಗೆ ಲಾಭವೇ. ಮಾಂಸ ತಿನ್ನದವರ ಮಾಂಸಖಂಡದಲ್ಲಿ ಕ್ರಿಯೇಟಿನ್ ಕಡಿಮೆ ಇರುತ್ತದೆ, ತುಂಬಲು ಜಾಗ ಹೆಚ್ಚು. ಮೊದಲೇ ತುಂಬಿರುವವರಿಗೆ ಇದರಿಂದ ಏನೂ ಅನ್ನಿಸದೆಯೂ ಇರಬಹುದು.

ಸುಮತಿ_ತೀರ್ಥಹಳ್ಳಿ

ಬೂದಿಯ ಮಾತು ಅಪ್ಪನಿಗೆ ಓದಿ ಹೇಳಿದೆ. ಇಷ್ಟು ದಿನ ಅವರು ತಾವು ತಿಂದದ್ದೇನೋ ತಪ್ಪಾಗಿ ಹೀಗಾಯಿತು ಅಂತ ಕೊರಗುತ್ತಿದ್ದರು. ಸೊಂಟನೋವಿಗೆ ಹತ್ತು ವರ್ಷ ಪೇಟೆಯಿಂದ ಮಾತ್ರೆ ತಂದು ನುಂಗುತ್ತಿದ್ದರು, ಚೀಟಿ ಇಲ್ಲದೆ. ಅದರ ಹೆಸರು ಈಗ ನೆನಪಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇತ್ತೇನೋ, ಯಾರಿಗೆ ಗೊತ್ತು. ತಮ್ಮಾ, ನೀನು ಆ ಮಾತ್ರೆ ಬಿಟ್ಟೆ ಅಂತ ಓದಿ ಸಮಾಧಾನ ಆಯಿತು.

ಜಿಮ್_ಮಂಜ

ಕೂದಲು ಉದುರುತ್ತದೆ ಅನ್ನುವುದರ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಪ್ಪನದು ಬೋಳುತಲೆ, ನನಗೂ ಮುಂದೆ ತೆಳ್ಳಗಾಗಿದೆ. ಕ್ರಿಯೇಟಿನ್‌ದಾ?

ಮೆಡಿಕಲ್_ಶಿವಲೀಲಾ

ಆ ಮಾತು ಹುಟ್ಟಿದ್ದು 2009ರಲ್ಲಿ ಪ್ರಕಟವಾದ, ದಕ್ಷಿಣ ಆಫ್ರಿಕಾದ ರಗ್ಬಿ ಆಟಗಾರರ ಒಂದು ಸಣ್ಣ ಅಧ್ಯಯನದಿಂದ. ಲೋಡಿಂಗ್ ಮಾಡಿದಾಗ ಕೂದಲಿಗೆ ಸಂಬಂಧಪಟ್ಟ ಡಿಎಚ್‌ಟಿ ಹಾರ್ಮೋನ್ ಏರಿತ್ತು. ಆದರೆ ಅವರು ಕೂದಲನ್ನು ನೋಡಿಯೇ ಇರಲಿಲ್ಲ. ಕೂದಲು ಉದುರುತ್ತದೆ ಅಂತ ಅದರಿಂದ ಹೇಳಲು ಬರುವುದಿಲ್ಲ. ನಿಮ್ಮ ವಂಶದಲ್ಲಿ ಇರುವುದರಿಂದ ಪುಡಿ ಇಲ್ಲದೆಯೂ ಆಗಬಹುದಿತ್ತು. ನಿಮ್ಮ ತಲೆಯ ವಿಷಯದಲ್ಲಿ ಯಾವುದು ಕಾರಣ ಅಂತ ನಾನು ಇಲ್ಲಿ ಕೂತು ಹೇಳಲಾರೆ.

ದಾವಣಗೆರೆ_ಹುಡುಗ

ಹದಿನೆಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಮೂಳೆ ಡಾಕ್ಟರ್ ನೋಡಿದರು, ಸ್ಕ್ವಾಟ್ ಮಾಡುವಾಗ ಮೊಣಕಾಲು ಒಳಗೆ ಬಾಗುತ್ತಿದೆ ಅಂದರು. ಭಾರ 50ಕ್ಕೆ ಇಳಿಸಿ ತೊಡೆಯ ವ್ಯಾಯಾಮ ಕೊಟ್ಟಿದ್ದಾರೆ. ಎರಡು ದಿನ ಜಿಮ್ ಬಿಟ್ಟು ರಕ್ತ ಕೊಟ್ಟೆ. ಕ್ರಿಯೇಟಿನಿನ್ 0.9, ಮೂತ್ರದಲ್ಲಿ ಅಲ್ಬುಮಿನ್ ಇಲ್ಲ. ಬಿಪಿ 128/82 ಬಂತು, ಅಪ್ಪನಿಗೂ ಇರುವುದರಿಂದ ಆಗಾಗ ನೋಡಿಸಿಕೋ ಅಂದರು.

ಅಂಗಡಿಯಲ್ಲಿ ಬ್ಯಾಚ್ ರಿಪೋರ್ಟ್ ಕೇಳಿದಾಗ ಮೊದಲನೆಯವರು ಮುಖ ನೋಡಿದರು. ಎರಡನೆಯ ಅಂಗಡಿಯವರು ತಾವೇ ಡಬ್ಬಿ ಸ್ಕ್ಯಾನ್ ಮಾಡಿ ತೋರಿಸಿದರು, ನಂಬರ್ ಹೊಂದಿತು. ಫ್ಲೇವರ್ ಇಲ್ಲದ್ದು, 250 ಗ್ರಾಂ ತಂದಿದ್ದೇನೆ. ಒಳಗಿರುವ ಚಮಚ 5 ಗ್ರಾಂದು. 3 ಗ್ರಾಂ ಹೇಗೆ ಅಳೆಯಲಿ? ಮತ್ತೆ ನಾನು ದಿನಕ್ಕೆ ಮೂರು ಸಲ ಫಿಲ್ಟರ್ ಕಾಫಿ ಕುಡಿಯುತ್ತೇನೆ, ಕಾಫಿ ಕುಡಿದರೆ ಕ್ರಿಯೇಟಿನ್ ಕೆಲಸ ಮಾಡುವುದಿಲ್ಲ ಅಂತ ಟ್ರೈನರ್ ಹೇಳುತ್ತಾರೆ.

ಮೆಡಿಕಲ್_ಶಿವಲೀಲಾ

ಕಾಫಿ ವಿಷಯದಲ್ಲಿ ಅಧ್ಯಯನಗಳೇ ಒಂದಕ್ಕೊಂದು ಒಪ್ಪುವುದಿಲ್ಲ. ಕೆಲವರಲ್ಲಿ ಕೆಫೀನ್ ಜೊತೆ ಲಾಭ ಕಡಿಮೆಯಾಯಿತು, ಕೆಲವರಲ್ಲಿ ಏನೂ ಆಗಲಿಲ್ಲ. ನಾನಾಗಿದ್ದರೆ ಕಾಫಿ ಬಿಡುತ್ತಿರಲಿಲ್ಲ, ಪುಡಿಯನ್ನು ಊಟದ ಜೊತೆ ತಗೊಳ್ಳುತ್ತಿದ್ದೆ.

ಅಳತೆಗೆ ಮನೆಯಲ್ಲಿ ತಕ್ಕಡಿ ಇದ್ದರೆ ಅದು, ಇಲ್ಲದಿದ್ದರೆ ಚಮಚ ಅಂಚಿನ ಮಟ್ಟಕ್ಕೆ ತುಂಬಿ ಅರ್ಧಕ್ಕಿಂತ ತುಸು ಮೇಲೆ. ಒಂದು ದಿನ ಎರಡೂವರೆ, ಒಂದು ದಿನ ಮೂರೂವರೆ ಆದರೆ ತೊಂದರೆ ಇಲ್ಲ, ತಿಂಗಳ ಲೆಕ್ಕ ಮುಖ್ಯ. ಮುಚ್ಚಳ ಬಿಗಿಯಾಗಿರಲಿ, ಒಳಗಿನ ಸಿಲಿಕಾ ಚೀಲ ತೆಗೆಯಬೇಡ. ಮಳೆಗಾಲದಲ್ಲಿ ಗಂಟು ಕಟ್ಟಿದರೆ ಚಮಚದಲ್ಲಿ ಒಡೆದುಕೊ, ಬಣ್ಣ ವಾಸನೆ ಬದಲಾದರೆ ಮಾತ್ರ ಬೇಡ.

ತೂಕ ಒಂದು ಕೆಜಿ ಏರಬಹುದು. ಮಾಂಸಖಂಡದಲ್ಲಿ ಸೇರುವ ನೀರು ಅದು, ಗಾಬರಿಯಾಗಬೇಡ. ಇವತ್ತಿನ ತೂಕ, 50 ಕೆಜಿಯ ಸ್ಕ್ವಾಟ್ ಎಷ್ಟು ಸಲ ಆಗುತ್ತದೆ, ಎರಡನ್ನೂ ಬರೆದಿಡು. ಆರು ವಾರಕ್ಕೆ ಮತ್ತೆ ನೋಡು. ಏನೂ ಬದಲಾಗದಿದ್ದರೆ ಎರಡನೇ ಡಬ್ಬಿಗೆ ದುಡ್ಡು ಹಾಕಬೇಡ. ಕಾಲು ಊದಿದರೆ, ಮೂತ್ರದಲ್ಲಿ ನೊರೆ ನಿಲ್ಲದೆ ಬಂದರೆ ಆರು ವಾರ ಕಾಯಬೇಡ, ಆ ದಿನವೇ ಡಾಕ್ಟರ್.

ದಾವಣಗೆರೆ_ಹುಡುಗ

ಸರಿ ಅಕ್ಕ. ಬರೆದಿಟ್ಟೆ: 68.4 ಕೆಜಿ, 50 ಕೆಜಿ ಹದಿನಾಲ್ಕು ಸಲ. 0.9ರ ರಿಪೋರ್ಟಿನ ಫೋಟೋ ಮೊಬೈಲಿನಲ್ಲೂ ಇದೆ, ಕಾಗದ ಅಮ್ಮನ ಪೆಟ್ಟಿಗೆಯಲ್ಲೂ ಇದೆ. ಹಸಿರು ಚುಕ್ಕೆ ಅಮ್ಮನಿಗೆ ತೋರಿಸಿದ್ದೇನೆ.